ಕೂಸಿನ ಜೊತೆ ದೂರದ ಪ್ರಯಾಣ: ಹಾಲು ಯಾವಾಗ ಕಲಸಬೇಕು, ಯಾವಾಗ ಕುಡಿಸಬೇಕು

ಬಾಣಂತನ ಮುಗಿಸಿಕೊಂಡು ನನ್ನ ತಂಗಿ ಹೋದ ಏಪ್ರಿಲ್‌ನಲ್ಲಿ ಕಲಬುರಗಿಯಿಂದ ದೆಹಲಿಗೆ ಹೊರಟಳು. ಮಡಿಲಲ್ಲಿ ಐದು ತಿಂಗಳ ಕೂಸು. ರಾತ್ರಿ ರೈಲಿನಲ್ಲಿ ಬೆಂಗಳೂರು, ಮರುದಿನ ಹನ್ನೊಂದಕ್ಕೆ ಅಲ್ಲಿಂದ ವಿಮಾನ. ಎದೆಹಾಲು ಸ್ವಲ್ಪ ಕಡಿಮೆ ಇದ್ದುದರಿಂದ ಡಾಕ್ಟರ್ ಹೇಳಿದಂತೆ ದಿನಕ್ಕೆ ಎರಡು-ಮೂರು ಸಲ ಡಬ್ಬಿ ಪುಡಿಯ ಹಾಲನ್ನೂ ಕೊಡುತ್ತಿದ್ದಳು. ಅವಳ ಚೀಲ ಕಟ್ಟುವಾಗ ನಾನೇ ಮುಂದೆ ನಿಂತೆ. ಯಾಕೆಂದರೆ ನನ್ನ ಮಗನನ್ನು ಮೊದಲ ಸಲ ರೈಲಿನಲ್ಲಿ ಕರ್ಕೊಂಡು ಹೋದಾಗ ನಾನು ದೊಡ್ಡ ತಪ್ಪು ಮಾಡಿದ್ದೆ. ಮನೆಯಲ್ಲೇ ರಾತ್ರಿ ಎಂಟಕ್ಕೆ ಹಾಲು ಕಲಸಿ ಬಾಟಲಿ ತುಂಬಿಕೊಂಡು, ಗುಂತಕಲ್ ಹತ್ತಿರ ಮಗು ಎದ್ದಾಗ ಅದನ್ನೇ ಕುಡಿಸಿದ್ದೆ. ಬೆಳಿಗ್ಗೆ ವಾಂತಿ, ಭೇದಿ ಶುರುವಾಯಿತು.

ಹಾಲಿನ ಪುಡಿ ಡಬ್ಬಿಯಲ್ಲಿ ಎಷ್ಟೇ ಚೊಕ್ಕಟವಾಗಿ ಕಂಡರೂ ಅದು ಪೂರ್ತಿ ಕ್ರಿಮಿರಹಿತವಲ್ಲ. ಒಣ ಪುಡಿಯಲ್ಲಿ ಸುಮ್ನೆ ಇರುವ ಕ್ರಿಮಿ, ನೀರು ಬಿದ್ದು ಉಗುರುಬೆಚ್ಚಗಾದ ಕೂಡಲೇ ಬೆಳೆಯಲು ಶುರು ಮಾಡುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಅದು ಇನ್ನೂ ಬೇಗ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ಪುಡಿಯನ್ನು ಕನಿಷ್ಠ 70 ಡಿಗ್ರಿ ಬಿಸಿ ನೀರಿನಲ್ಲಿ ಕಲಸಬೇಕು, ಕಲಸಿ 2 ಗಂಟೆಯೊಳಗೆ ಕುಡಿಸಿ ಮುಗಿಸಬೇಕು. ಕೂಸು ಅರ್ಧ ಕುಡಿದು ಬಿಟ್ಟ ಹಾಲನ್ನು ಚೆಲ್ಲಬೇಕು. ಜೊಲ್ಲು ಸೇರಿದ ಹಾಲು ಇನ್ನೂ ಬೇಗ ಕೆಡುತ್ತದೆ.

ಹಾಗಾಗಿ ತಂಗಿಗೆ ಹಾಲನ್ನು ಕಟ್ಟಿಕೊಡಲಿಲ್ಲ, ನೀರು ಮತ್ತು ಪುಡಿಯನ್ನು ಬೇರೆ ಬೇರೆಯಾಗಿ ಕಟ್ಟಿದೆವು. ಎರಡು ಸಲದ ಹಾಲಿಗೆಂದು ಎರಡು ಪುಟ್ಟ ಸ್ಟೀಲ್ ಡಬ್ಬಿಗಳನ್ನು ಕುದಿಸಿ, ಪೂರ್ತಿ ಒಣಗಿಸಿ, ಒಂದೊಂದರಲ್ಲಿ ನಾಲ್ಕು ಚಮಚ ಪುಡಿ ಹಾಕಿದೆವು. ಅವಳ ಡಬ್ಬಿಯ ಮೇಲೆ 30 ಮಿ.ಲೀ. ನೀರಿಗೆ ಒಂದು ಚಮಚ ಎಂದಿತ್ತು. ಅಂದರೆ ನಾಲ್ಕಕ್ಕೆ 120 ಮಿ.ಲೀ. ನಿಮ್ಮ ಡಬ್ಬಿಯ ಮೇಲೆ ಏನಿದೆಯೋ ಅದೇ ಲೆಕ್ಕ, ಅದರ ಒಳಗಿನ ಚಮಚವೇ ಅಳತೆ. ಉಳಿತಾಯಕ್ಕೆಂದು ನೀರು ಜಾಸ್ತಿ ಮಾಡಬೇಡಿ.

ನೀರಿಗೆ ಒಂದು ಲೀಟರಿನ ಒಳ್ಳೆಯ ಥರ್ಮಾಸ್. ಮೊದಲು ಅದಕ್ಕೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಮತ್ತೆ ಕುದಿಯುವ ನೀರನ್ನು ಕುತ್ತಿಗೆಯವರೆಗೆ ತುಂಬಿ. ಅರ್ಧ ಖಾಲಿ ಇರುವ ಥರ್ಮಾಸ್ ಬೇಗ ಆರುತ್ತದೆ. ಎಷ್ಟು ಹೊತ್ತು ಬಿಸಿ ಹಿಡಿಯುತ್ತದೆ ಎಂದು ಪ್ರಯಾಣಕ್ಕೆ ಮೊದಲೇ ಮನೆಯಲ್ಲಿ ನೋಡಿಕೊಳ್ಳಿ. ಜ್ವರದ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅಡುಗೆಯದ್ದು ಬೇಕು. ತಂಗಿಯ ಥರ್ಮಾಸ್ ಆರು ಗಂಟೆವರೆಗೆ 70ಕ್ಕಿಂತ ಮೇಲಿತ್ತು. ಹಾಗಾಗಿ ಪುಡಿಯ ಹಾಲನ್ನು ರಾತ್ರಿ ಹತ್ತಕ್ಕೆ ಮತ್ತು ಒಂದಕ್ಕೆ ಕೊಡುವುದು, ಬೆಳಗಿನ ಜಾವ ಎದೆಹಾಲು ಎಂದು ಲೆಕ್ಕ ಹಾಕಿದೆವು.

ಕಲಸುವಾಗ ಮೊದಲು ಬಾಟಲಿಗೆ ನೀರು, ಆಮೇಲೆ ಪುಡಿ. ಚೆನ್ನಾಗಿ ಅಲ್ಲಾಡಿಸಿ, ಬಾಟಲಿಯನ್ನು ತಣ್ಣೀರಿನ ತಂಬಿಗೆಯಲ್ಲಿ ಇಳಿಸಿ. ನೀರು ಬಾಟಲಿಯ ಬಾಯಿಗೆ ತಾಗಬಾರದು. ಮಣಿಕಟ್ಟಿನ ಒಳಮೈ ಮೇಲೆ ಎರಡು ಹನಿ ಬಿಟ್ಟು ನೋಡಿ, ಬಿಸಿ ಹತ್ತದಿದ್ದರೆ ಕುಡಿಸಿ. ಚಹಾದವನ ಬಿಸಿ ನೀರು ಎಷ್ಟು ಕುದಿದಿದೆ ಎಂದು ನಮಗೆ ಗೊತ್ತಾಗುವುದಿಲ್ಲ. ಕಣ್ಣೆದುರು ಕುದಿಸಿದರೆ ಮಾತ್ರ ತಗೊಳ್ಳಿ.

ಎದೆಹಾಲು ಮಾತ್ರ ಕುಡಿಯುವ ಕೂಸಾದರೆ ಈ ಯಾವ ಗೋಜೂ ಇಲ್ಲ. ಆರು ತಿಂಗಳೊಳಗಿನ ಅಂಥ ಕೂಸಿಗೆ ಬೇಸಿಗೆಯಲ್ಲೂ ಬೇರೆ ನೀರು ಬೇಡ. ಪದೇಪದೇ ಎದೆಗೆ ಹಾಕಿದರೆ ಸಾಕು.

ಸ್ವಚ್ಛತೆಯ ವಿಷಯದಲ್ಲಿ ನನ್ನ ಗಟ್ಟಿ ಮಾತು ಒಂದೇ: ಬಾಟಲಿಯನ್ನು ರೈಲಿನ ನಲ್ಲಿಯಲ್ಲಿ ತೊಳೆದು ಮತ್ತೆ ಬಳಸಬೇಡಿ. ಎಷ್ಟು ಸಲ ಹಾಲೋ ಅಷ್ಟು ಬಾಟಲಿ, ಮೇಲೊಂದು ಹೆಚ್ಚಿನದು, ಎಲ್ಲವನ್ನೂ ಮನೆಯಲ್ಲೇ ಕುದಿಸಿ ಮುಚ್ಚಿ ಒಯ್ಯಿರಿ. ಬಾಟಲಿ ಜಾಸ್ತಿ ಇಲ್ಲದಿದ್ದರೆ ಕುದಿಸಿದ ವಾಟಿ-ಚಮಚ ಇನ್ನೂ ಒಳ್ಳೆಯದು, ಅದರಲ್ಲಿ ಮೂಲೆ-ಸಂದಿ ಇಲ್ಲ. ಡೈಪರ್ ಬದಲಿಸುವಾಗ ಬರ್ತಿನ ಮೇಲೆ ರೆಕ್ಸಿನ್ ಹಾಸಿ, ಅದರ ಮೇಲೆ ಹಳೆಯ ಪಂಚೆಯ ತುಂಡು. ಕೌದಿಯ ಮೇಲೆ ನೇರವಾಗಿ ಬೇಡ, ಅದೇ ಕೌದಿಯನ್ನು ಕೂಸು ರಾತ್ರಿಯಿಡೀ ಬಾಯಿಗೆ ಹಾಕಿಕೊಳ್ಳುತ್ತದೆ. ಹೆಣ್ಣು ಕೂಸಿಗೆ ಮುಂದಿನಿಂದ ಹಿಂದಕ್ಕೆ ಒರೆಸಿ. ಆಮೇಲೆ ಕೈಗೆ ಸೋಪು ಹಚ್ಚಿ ತೊಳೆಯಿರಿ. ಮಲ ಅಂಟಿದ ಕೈಗೆ ಸ್ಯಾನಿಟೈಸರ್ ಸಾಲದು. ಡೈಪರನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ. ಬೋಗಿಗಳಲ್ಲಿ ಈಗ ಬಯೋ ಟಾಯ್ಲೆಟ್ ಇವೆ, ಒಂದು ಡೈಪರ್ ಬಿದ್ದರೂ ಕಟ್ಟಿಕೊಳ್ಳುತ್ತವೆ.

ಇನ್ನು ವಿಮಾನ. ಇಲ್ಲಿ ನಮ್ಮವ್ವ ಬಿಲ್ಕುಲ್ ಒಪ್ಪಲಿಲ್ಲ. "ಕಿವಿಯಾಗ ಹತ್ತಿ ಇಟ್ಟು ಕುಂಚಗಿ ಕಟ್ಟು, ಏನೂ ಆಗಂಗಿಲ್ಲ" ಅಂದಳು. ಕುಂಚಗಿ ಎಸಿ ಗಾಳಿಗೆ ಒಳ್ಳೆಯದೇ. ಆದರೆ ವಿಮಾನದಲ್ಲಿ ಕಿವಿ ನೋಯುವುದು ಹೊರಗಿನ ಗಾಳಿ ಒಳಗೆ ಹೋಗುವುದರಿಂದಲ್ಲ. ಕಿವಿತಮಟೆಯ ಹಿಂದೆ ಒಂದು ಪುಟ್ಟ ಗೂಡಿದೆ, ಅಲ್ಲಿಂದ ಗಂಟಲಿಗೆ ಸಣ್ಣ ನಳಿಗೆ ಇದೆ. ವಿಮಾನ ಏರುವಾಗ ಗೂಡಿನ ಗಾಳಿ ತಾನಾಗಿಯೇ ಹೊರಗೆ ಹೋಗುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಾಗಿ ನಳಿಗೆ ಒತ್ತಿಕೊಳ್ಳುತ್ತದೆ, ತಮಟೆ ಒಳಕ್ಕೆ ಜಗ್ಗಿ ನೋಯುತ್ತದೆ. ನುಂಗಿದಾಗ ಆ ನಳಿಗೆ ತೆರೆಯುತ್ತದೆ. ದೊಡ್ಡವರು ಉಗುಳು ನುಂಗುತ್ತಾರೆ. ಕೂಸಿಗೆ ಹೇಳಿ ನುಂಗಿಸಲು ಆಗಲ್ಲ, ಅಲ್ವಾ? ಹಾಲು ಕುಡಿಸಬೇಕು.

ಬಹಳ ಜನ ಎಡವುವುದು ಇಲ್ಲೇ. ವಿಮಾನ ಏರುವಾಗಲೇ ಹೊಟ್ಟೆ ತುಂಬಾ ಕುಡಿಸಿಬಿಡುತ್ತಾರೆ. ಕೂಸು ಮಲಗುತ್ತದೆ, ಇಳಿಯುವಾಗ ಬಾಯಿ ತೆರೆಯುವುದಿಲ್ಲ. ತಂಗಿ ಏರುವಾಗ ಒಂದೆರಡು ನಿಮಿಷ ಎದೆಗೆ ಹಾಕಿ ಬಿಟ್ಟಳು. ಬೆಂಗಳೂರಿಂದ ದೆಹಲಿಗೆ ಎರಡೂಮುಕ್ಕಾಲು ಗಂಟೆ. ಕೊನೆಯ ಅರ್ಧ ಗಂಟೆಯಲ್ಲಿ ವಿಮಾನ ಇಳಿಯಲು ಶುರು ಮಾಡುತ್ತದೆ, ಆಗ ಕ್ಯಾಪ್ಟನ್ ಹೇಳುತ್ತಾರೆ. ಚಕ್ರ ನೆಲಕ್ಕೆ ತಾಗುವ ಹೊತ್ತಿಗೆ ಕುಡಿಸಿದರೆ ತಡವಾಯಿತು. ಮಾತು ಕೇಳಿದ ಕೂಡಲೇ ಮಲಗಿದ್ದ ಕೂಸನ್ನು ಎಬ್ಬಿಸಿ, ಬೆಲ್ಟ್ ಹಾಕಿಕೊಂಡೇ, ತಲೆ ಎತ್ತರದಲ್ಲಿಟ್ಟು ಕುಡಿಸಲು ಶುರು ಮಾಡಿದಳು. ನಡುನಡುವೆ ನಿಲ್ಲಿಸಿ ತೇಗಿಸಿ, ಇಳಿಯುವವರೆಗೂ ನಿಧಾನವಾಗಿ ಎಳೆದಳು. ಕೂಸು ಒಂದೆರಡು ಸಲ ಮುಖ ಕಿವುಚಿತು, ಅತ್ತಿಲ್ಲ.

ಬಾಟಲಿ ಹಾಲಾದರೆ ಬೋರ್ಡಿಂಗ್‌ಗೆ ಮೊದಲೇ ಕಲಸಿಟ್ಟರೆ ಎರಡು ಗಂಟೆ ದಾಟಿರುತ್ತದೆ. ಥರ್ಮಾಸ್ ನೀರು ಮತ್ತು ಪುಡಿ ಇಟ್ಟುಕೊಂಡು, ಇಳಿಯುವ ಘೋಷಣೆಗೆ ಹತ್ತು ನಿಮಿಷ ಮುಂಚೆ ಕಲಸಿ. ಸೆಕ್ಯುರಿಟಿಯಲ್ಲಿ ಕೂಸಿನ ಹಾಲು-ನೀರು ಎಂದು ಮೊದಲೇ ಹೇಳಿ, ತೆರೆದು ನೋಡಲೂಬಹುದು. ಜನನ ಪ್ರಮಾಣಪತ್ರ ಕೈಗೆ ಸಿಗುವಂತಿರಲಿ, ವಯಸ್ಸಿನ ಪುರಾವೆ ಕೇಳುತ್ತಾರೆ.

ಕೂಸಿಗೆ ನೆಗಡಿ ಇದ್ದರೆ ಆ ನಳಿಗೆ ಊದಿಕೊಂಡಿರುತ್ತದೆ, ಹಾಲು ಕುಡಿಸಿದರೂ ನೋವು ಜಾಸ್ತಿ. ಹೊರಡುವ ಮೊದಲು ಮಕ್ಕಳ ಡಾಕ್ಟರ್ ಕಿವಿ ನೋಡಲಿ. ಮೂಗಿನ ಹನಿ ನೀವೇ ತಂದು ಹಾಕಬೇಡಿ, ಕಿವಿಗೆ ಎಣ್ಣೆಯೂ ಬೇಡ. ಇಳಿದ ಮೇಲೆ ಅಳು ಗಂಟೆಗಟ್ಟಲೆ ನಿಲ್ಲದಿದ್ದರೆ, ಜ್ವರ ಬಂದರೆ, ಕಿವಿಯಿಂದ ನೀರು ಸೋರಿದರೆ ಅಂದೇ ಡಾಕ್ಟರ್ ಹತ್ತಿರ ಹೋಗಿ. ವಾಂತಿ-ಭೇದಿ ಆಗಿ ಆರು ಗಂಟೆ ಉಚ್ಚೆ ಮಾಡದಿದ್ದರೆ, ನೆತ್ತಿ ಕುಳಿ ಬಿದ್ದರೆ, ಬಾಯಿ ಒಣಗಿ ಕೂಸು ಮಂಕಾದರೆ ಊರು ಮುಟ್ಟುವವರೆಗೆ ಕಾಯಬೇಡಿ. ರೈಲಿನಲ್ಲಿದ್ದರೆ ಕೂಡಲೇ 139ಕ್ಕೆ ಫೋನ್ ಮಾಡಿ, ಮುಂದಿನ ನಿಲ್ದಾಣಕ್ಕೆ ಡಾಕ್ಟರ್ ಬರಲು ಕೇಳಿಕೊಳ್ಳಿ.