ದೀಪಾವಳಿಗೆ ಮುಂಚಿನ ಶಿಲ್ಕು: ನಮ್ಮ ತುಮಕೂರಿನ ಸ್ವೀಟ್ ಅಂಗಡಿಯ ಆರು ತಿಂಗಳ ಲೆಕ್ಕ

ಜೂನ್‌ನಿಂದ ನವೆಂಬರ್‌ವರೆಗಿನ ನಗದು ಬಜೆಟ್ ಬರೆಯಲು ಕೂತಾಗ ನಾನು ಮೊದಲು ತೆಗೆಯುವುದು ಪಂಚಾಂಗ, ಹಳೆಯ ಲೆಕ್ಕದ ಪುಸ್ತಕ ಆಮೇಲೆ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದು ನವೆಂಬರ್ 8ಕ್ಕೆ. ಗಣೇಶ ಚೌತಿಯೂ ಆಗಸ್ಟ್ 27ರಿಂದ ಸೆಪ್ಟೆಂಬರ್ 14ಕ್ಕೆ ಹೋಗಿದೆ. ಹಿಂದಿನ ವರ್ಷದ ಅಕ್ಟೋಬರ್ ವ್ಯಾಪಾರವನ್ನು ಈ ವರ್ಷದ ಅಕ್ಟೋಬರ್‌ಗೆ ಹಾಗೇ ಇಳಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಹಾಗಾಗಿ ನಾನು ಗಲ್ಲಾದ ದಿನದ ವ್ಯಾಪಾರವನ್ನು ತಾರೀಕಿನ ಜೊತೆಗೆ ‘ಹಬ್ಬಕ್ಕೆ ಇಷ್ಟು ದಿನ ಮುಂಚೆ’ ಎಂದೂ ಗುರುತು ಹಾಕಿಡುತ್ತೇನೆ. ಮುಂದಿನ ವರ್ಷ ಆ ಗುರುತನ್ನೇ ಹೊಸ ತಾರೀಕಿನ ಮೇಲೆ ಇಡುವುದು.

ಹಬ್ಬ ನವೆಂಬರ್‌ಗೆ ಹೋದಾಗ ಆಗುವ ತೊಂದರೆ ಇದು: ಸಾಮಾನಿನ ದುಡ್ಡು ಅಕ್ಟೋಬರ್‌ನಲ್ಲೇ ಹೋಗುತ್ತದೆ, ವ್ಯಾಪಾರದ ದುಡ್ಡು ನವೆಂಬರ್‌ನಲ್ಲಿ ಬರುತ್ತದೆ. ಅಕ್ಟೋಬರ್‌ನ ಮೊದಲ ಹತ್ತು ದಿನ ಪಿತೃಪಕ್ಷ, ಅಂಗಡಿ ತಣ್ಣಗಿರುತ್ತದೆ. ಆಯುಧಪೂಜೆಯ ವಾರದಲ್ಲಿ ಬೂಂದಿ, ಖಾರ, ಲಾಡು ಹೋದ ಮೇಲೆಯೇ ಕೈಯಲ್ಲಿ ಕಾಸು ಆಡುವುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ಸಾಲು ಬರೆದರೆ ಸಾಕು. ಆಷಾಢದಲ್ಲಿ ಮಾತ್ರ ವ್ಯಾಪಾರವನ್ನು ಕಡಿಮೆ ಹಿಡಿಯಬೇಕು. ಅಕ್ಟೋಬರ್ ಲೆಕ್ಕ ಹೀಗಿದೆ. ಆರಂಭದ ಶಿಲ್ಕು 3,10,000. ಕೌಂಟರ್ ವ್ಯಾಪಾರ 6,00,000. ಆ ತಿಂಗಳದೇ ಸಾಮಾನಿಗೆ 3,20,000. ಬಾಡಿಗೆ, ಸಂಬಳ, ಗ್ಯಾಸ್, ಕರೆಂಟು, ಜಿಎಸ್‌ಟಿ, ಮನೆಖರ್ಚು ಸೇರಿ 1,60,000. ಉಳಿಯುವುದು 4,30,000. ಇದರಲ್ಲೇ ದೀಪಾವಳಿ ಖರೀದಿ ಆಗಬೇಕು: ತುಪ್ಪ 400 ಕಿಲೋಗೆ 2,60,000, ಸಕ್ಕರೆ 1,500 ಕಿಲೋಗೆ 67,500, ಕಡಲೆಹಿಟ್ಟು 40,000, ಗೋಡಂಬಿ-ಬಾದಾಮಿ 90,000, ಡಬ್ಬಗಳ ಬಾಕಿ 35,000, ಹಬ್ಬಕ್ಕೆಂದೇ ಬರುವ ಭಟ್ಟರಿಗೆ ಮುಂಗಡ 40,000. ಒಟ್ಟು 5,32,500. ಅಂದರೆ 1,02,500 ಕೊರತೆ. ಖೋವಾ, ಹಾಲಿನವರಿಗೆ ದಿನದ ದುಡ್ಡು ದಿನವೇ ಕೊಡಬೇಕಾದ್ದರಿಂದ 60,000 ಯಾವಾಗಲೂ ಕೈಯಲ್ಲಿರಲೇಬೇಕು, ಅದೂ ಇಲ್ಲ.

ಖೋವಾ ಮುಂಚೆ ತಂದಿಡುವ ಹಾಗಿಲ್ಲ, ಅದು ಬೇಗ ಕೆಡುತ್ತದೆ. ತುಪ್ಪವನ್ನು ಮುಂಚೆಯೇ ತರಬಹುದು ನಿಜ, ಆದರೆ ಪೂರ್ತಿ ತರಬೇಕಾಗಿಲ್ಲ. ಅರ್ಧ ಅಕ್ಟೋಬರ್ 26ಕ್ಕೆ, ಅರ್ಧ ನವೆಂಬರ್ 4ಕ್ಕೆ ಎಂದು ಮಂಡಿಪೇಟೆಯ ಅಂಗಡಿಯವರೊಡನೆ ಮೊದಲೇ ಮಾತಾಡಿಕೊಂಡರೆ 1,30,000 ಮುಂದಕ್ಕೆ ಹೋಗುತ್ತದೆ. ವಸಂತನರಸಾಪುರದ ಕಾರ್ಖಾನೆಗಳ 3,00,000 ರೂಪಾಯಿ ಆರ್ಡರಿಗೆ ಕಾಲು ಭಾಗ, 75,000, ಮುಂಗಡ ಕೇಳುತ್ತೇನೆ. ಉಳಿದ 2,25,000 ಬಿಲ್ ಕೊಟ್ಟ ಮೇಲೆ ತಿಂಗಳೋ ಒಂದೂವರೆ ತಿಂಗಳೋ ಆಗಿ ಬರುವುದರಿಂದ ನವೆಂಬರ್ ಕಾಲಂನಲ್ಲಿ ಸೊನ್ನೆಯೇ ಬರೆಯಬೇಕು. ಲಾಭದ ಲೆಕ್ಕದಲ್ಲಿ ಅದು ಬಂದ ಹಾಗೆ, ನಗದಿನಲ್ಲಿ ಬಂದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಈ ಎರಡರಿಂದ ಅಕ್ಟೋಬರ್ 31ರ ಶಿಲ್ಕು 1,02,500ಕ್ಕೆ ಏರುತ್ತದೆ. ನೋಡಿದರೆ ನೆಮ್ಮದಿ. ತಿಂಗಳ ಕೊನೆಯ ಶಿಲ್ಕನ್ನಷ್ಟೇ ನೋಡಿ ಬಿಟ್ಟರೆ ಸಿಕ್ಕಿಬೀಳುತ್ತೇವೆ. ಹಬ್ಬದ ಹಿಂದಿನ ಎರಡು ವಾರವನ್ನು ದಿನದಿನಕ್ಕೆ ಬರೆಯಬೇಕು. ನವೆಂಬರ್ 1ರಿಂದ 5ರ ತನಕ ವ್ಯಾಪಾರ 2,20,000 ಎಂದು ಹಿಡಿದಿದ್ದೇನೆ. ಆ ಐದೇ ದಿನದಲ್ಲಿ ಸಂಬಳ 85,000, ಹಬ್ಬದ ಬೋನಸ್ 45,000, ಎರಡನೇ ಕಂತಿನ ತುಪ್ಪ 1,30,000, ಹಾಲು-ಖೋವಾ 50,000 ಹೋಗುತ್ತವೆ. 5ರ ಸಂಜೆಗೆ ಉಳಿಯುವುದು 12,500. ಇಡೀ ಆರು ತಿಂಗಳಲ್ಲಿ ಅತಿ ಕಡಿಮೆ ಶಿಲ್ಕು ಅದೇ. ಮಳೆಯಿಂದಲೋ ಮತ್ತೊಂದರಿಂದಲೋ ವ್ಯಾಪಾರ ಶೇಕಡ 20 ಇಳಿದರೆ 44,000 ಖೋತಾ. ಶಿಲ್ಕು 31,500 ಮೈನಸ್.

ಹಾಗಾಗಿ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಓವರ್‌ಡ್ರಾಫ್ಟ್‌ಗೆ, 1,00,000 ರೂಪಾಯಿ ಮಿತಿಗೆ, ಬ್ಯಾಂಕಿಗೆ ಆಗಸ್ಟ್‌ನಲ್ಲೇ ಅರ್ಜಿ ಕೊಡುತ್ತೇನೆ. ವ್ಯಾಪಾರ ಇಳಿದರೂ ಆಗ 68,500 ಕೈಯಲ್ಲಿರುತ್ತದೆ, ಹಾಲಿನವರ ದುಡ್ಡಿಗೆ ತಡೆಯಿಲ್ಲ. ಅಕ್ಟೋಬರ್ ಕೊನೆಯಲ್ಲಿ ಅರ್ಜಿ ಹಿಡಿದು ಹೋದರೆ ಮಂಜೂರಾಗುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ. ಹಬ್ಬದ ಮೂರು ದಿನದ ಗಲ್ಲಾದಿಂದ ಮೊದಲು ತೀರಿಸುವುದು ಈ ಓವರ್‌ಡ್ರಾಫ್ಟನ್ನೇ. ಆಮೇಲೆ 20ನೇ ತಾರೀಕಿಗೆ ಅಕ್ಟೋಬರ್ ತಿಂಗಳ ಜಿಎಸ್‌ಟಿಯನ್ನು ಬೇರೆ ಖಾತೆಗೆ ಎತ್ತಿಡುತ್ತೇನೆ. ಕಾರ್ಖಾನೆಯ ಬಿಲ್ಲಿನ ತೆರಿಗೆ ಡಿಸೆಂಬರ್ 20ಕ್ಕೆ ಕಟ್ಟಬೇಕು. ಅಷ್ಟರಲ್ಲಿ ಅವರ ದುಡ್ಡು ಬಂದಿರಲಿ, ಬಿಡಲಿ, ಕಟ್ಟಲೇಬೇಕಾದ್ದರಿಂದ ಅದನ್ನೂ ಈಗಲೇ ಬರೆದಿಟ್ಟಿದ್ದೇನೆ.