ವಿಶ್ವಧರ್ಮಗಳ ಸಿಲಬಸ್ ಬರೆಯೋದು ಹೇಗೆ? ಪ್ರಶ್ನೆಪತ್ರಿಕೆಯನ್ನೂ ಜೊತೆಗೇ ಯೋಚಿಸಿ

ಡಿಗ್ರಿ ಮೊದಲ ವರ್ಷಕ್ಕೆ ಅಂತ ನಾನು ಬರೆದ ಮೊದಲ ಸಿಲಬಸ್ಸಿನಲ್ಲಿ ಹತ್ತು ಧರ್ಮಗಳಿದ್ದವು. ಪ್ರತಿಯೊಂದಕ್ಕೂ ಸ್ಥಾಪಕ, ಗ್ರಂಥ, ತತ್ವ, ಹಬ್ಬ. ನೋಡೋಕೆ ಅಚ್ಚುಕಟ್ಟಾಗಿತ್ತು. ಪೇಪರ್ ತಿದ್ದುವಾಗ ಬಣ್ಣ ಬಯಲಾಯಿತು. ಹಿಂದೂ ಧರ್ಮದ ಸ್ಥಾಪಕರು ಯಾರು ಅಂದರೆ ಒಬ್ಬಳು ಋಷಿಗಳು ಅಂತ ಬರೆದಿದ್ದಳು, ಇನ್ನೊಬ್ಬ ಶಂಕರಾಚಾರ್ಯರು ಅಂತ. ತಪ್ಪು ಅವರದ್ದಲ್ಲ, ಎಲ್ಲ ಧರ್ಮಕ್ಕೂ ಸ್ಥಾಪಕರ ಖಾನೆ ಎಳೆದ ನನ್ನದು.

ಮೊದಲು ಗಂಟೆ ಲೆಕ್ಕ ಹಾಕಿ. ವಾರಕ್ಕೆ 3 ಗಂಟೆಯಂತೆ 14 ವಾರ ಅಂದರೆ 42. ಪರಿಚಯ, ಟೆಸ್ಟು, ರಜೆ ಅಂತ 6 ಕಳೆಯಿರಿ, 36 ಉಳಿಯುತ್ತದೆ. ಹಿಂದೂ, ಬೌದ್ಧ, ಯೆಹೂದಿ, ಕ್ರೈಸ್ತ, ಇಸ್ಲಾಂ ಈ ಐದಕ್ಕೆ ತಲಾ 6 ಗಂಟೆ ಕೊಡಿ, ಕೊನೆಯ 6 ನಮ್ಮ ಊರಿನ ಸುತ್ತಮುತ್ತಲಿನದಕ್ಕೆ ಇರಲಿ: ಜೈನ ಬಸದಿ, ವಚನ, ಕರಾವಳಿಯವರಾದರೆ ಭೂತಾರಾಧನೆ. ಸಿಖ್ ಧರ್ಮ ಯಾಕಿಲ್ಲ, ತಾವೋ ಯಾಕಿಲ್ಲ ಅಂತ ಸಿಲಬಸ್ಸಿಗೆ ಒಪ್ಪಿಗೆ ಕೊಡುವ ಬೋರ್ಡ್ ಆಫ್ ಸ್ಟಡೀಸ್ ಮೀಟಿಂಗಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಅವನ್ನು ಸೆಮಿನಾರ್ ವಿಷಯವಾಗಿ ಕೊಡಬಹುದು.

ಆಮೇಲೆ ಕಲಿಕಾ ಫಲ. ನಾಲ್ಕು ಸಾಕು. "ಅರ್ಥಮಾಡಿಕೊಳ್ಳುವರು", "ಗೌರವಿಸುವರು" ಅನ್ನೋ ಕ್ರಿಯಾಪದಗಳನ್ನು ಹೊಡೆದುಹಾಕಿ. ಗೌರವಕ್ಕೆ ಮಾರ್ಕ್ಸ್ ಕೊಡೋದು ಹೇಗೆ ಹೇಳಿ? ಅದರ ಬದಲು ಮಾಡಿ ತೋರಿಸಬಹುದಾದ ಕೆಲಸ ಬರೆಯಿರಿ. ಒಂದು ಪುಟದ ಮೂಲಪಠ್ಯ ಓದಿ ಅದು ಯಾರಿಗೆ ಹೇಳಿದ್ದು ಅಂತ ಸಾಲು ತೋರಿಸಿ ವಿವರಿಸುವುದು. ಒಂದೇ ಕಥೆಯನ್ನು ಎರಡು ಪರಂಪರೆಗಳು ಹೇಳುವ ರೀತಿಯನ್ನು ಹೋಲಿಸುವುದು. ಒಂದೇ ಧರ್ಮದೊಳಗಿನ ಎರಡು ಬೇರೆ ಬೇರೆ ಆಚರಣೆಗಳನ್ನು ವಿವರಿಸುವುದು. ನಾಲ್ಕನೆಯದು ತುಂಬ ಮುಖ್ಯ, ಭಕ್ತರ ಮಾತನ್ನೂ ಅಧ್ಯಯನದ ಮಾತನ್ನೂ ಬೇರೆ ಮಾಡುವುದು. "ಕುರಾನ್ ದೇವರ ವಾಣಿ" ಅನ್ನೋದು ಮೊದಲನೆಯದು, "ಕುರಾನ್ ದೇವರ ವಾಣಿ ಎಂದು ಮುಸ್ಲಿಮರು ನಂಬುತ್ತಾರೆ" ಅನ್ನೋದು ಎರಡನೆಯದು. ಇದು ಬಂದರೆ ಕ್ಲಾಸಿನ ಅರ್ಧ ಜಗಳ ನಿಲ್ಲುತ್ತದೆ.

ಈಗ ಎರಡನೆಯ ಫಲವನ್ನೇ ಹಿಡಿದು ಒಂದು ವಾರ ಕಟ್ಟೋಣ. ಓದಿಗೆ ಬೈಬಲ್ಲಿನ ಆದಿಕಾಂಡದ 22ನೇ ಅಧ್ಯಾಯದ ಮೊದಲ 19 ವಚನ, ಜೊತೆಗೆ ಕುರಾನಿನ 37ನೇ ಸೂರಾದ 100ರಿಂದ 111ರ ತನಕ. ಎರಡೂ ಕನ್ನಡದಲ್ಲಿ ಸಿಗುತ್ತವೆ, ಸೇರಿಸಿದರೆ ಎರಡು ಮೂರು ಪುಟ ಅಷ್ಟೇ. ದೇವರಿಗಾಗಿ ಮಗನನ್ನೇ ಬಲಿಕೊಡಲು ಹೊರಟ ತಂದೆಯ ಕಥೆ. ಮೊದಲ ಗಂಟೆ ಪಾಠ ಬೇಡ, ಸುಮ್ನೆ ಇಬ್ಬಿಬ್ಬರಾಗಿ ಓದಿಸಿ, ಮೂರು ವ್ಯತ್ಯಾಸ ಹುಡುಕಿಸಿ. ಬೈಬಲ್ಲಿನಲ್ಲಿ ಮಗ ಇಸಾಕನಿಗೆ ವಿಷಯವೇ ಗೊತ್ತಿಲ್ಲ, ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿ ಎಲ್ಲಿ ಅಂತ ಕೇಳುತ್ತಾನೆ. ಕುರಾನಿನಲ್ಲಿ ತಂದೆ ತಾನು ಕಂಡ ಕನಸನ್ನು ಮಗನಿಗೇ ಹೇಳಿ ನಿನ್ನ ಅಭಿಪ್ರಾಯ ಏನು ಅನ್ನುತ್ತಾನೆ, ಮಗ ಒಪ್ಪುತ್ತಾನೆ. ಇನ್ನೊಂದು ಸೂಕ್ಷ್ಮ ಇದೆ: ಈ ಭಾಗದಲ್ಲಿ ಬಲಿಗೆ ಹೋದ ಮಗನ ಹೆಸರೇ ಇಲ್ಲ. ಇಸ್ಮಾಯಿಲ್ ಅಲ್ವಾ ಸರ್ ಅಂತ ಯಾರಾದರೂ ಕೇಳುತ್ತಾರೆ. ಹೆಚ್ಚಿನ ಮುಸ್ಲಿಮರು ನಂಬೋದು ಹಾಗೇ, ಆದರೆ ಹೆಸರು ಇಲ್ಲಿ ಎಲ್ಲಿದೆ ತೋರಿಸಿ ಅನ್ನಿ. ಪಠ್ಯ ಬೇರೆ, ಪರಂಪರೆ ಅದನ್ನು ಓದುವ ಬಗೆ ಬೇರೆ ಅನ್ನೋದು ಅಲ್ಲೇ ತಲೆಗೆ ಹೋಗುತ್ತದೆ. ಎರಡನೇ ಗಂಟೆಗೆ ಬಕ್ರೀದ್, ಯೆಹೂದಿಗಳ ಹೊಸವರ್ಷದಲ್ಲಿ ಈ ಅಧ್ಯಾಯ ಓದುವ ರೂಢಿ, ಕ್ರೈಸ್ತರು ಇದರಲ್ಲಿ ಯೇಸುವಿನ ಮುನ್ಸೂಚನೆ ಕಾಣುವುದು. ಮೂರನೇ ಗಂಟೆ ಬರೆಸಲು.

ಓದಿನ ಪಟ್ಟಿಯಲ್ಲಿ ಎಲ್ಲರೂ ಎಡವುತ್ತಾರೆ. ಹನ್ನೆರಡು ದಪ್ಪ ಇಂಗ್ಲಿಷ್ ಪುಸ್ತಕಗಳ ಹೆಸರು ಹಾಕಿದರೆ ಒಂದನ್ನೂ ಯಾರೂ ತೆಗೆಯುವುದಿಲ್ಲ. ವಾರಕ್ಕೆ ಒಂದು ಮೂಲಪಠ್ಯ, ಅದರ ಬಗ್ಗೆ ಐದಾರು ಪುಟದ ಒಂದು ವಿವರಣೆ, ಪುಟಸಂಖ್ಯೆ ಸಮೇತ. ಅದಕ್ಕಿಂತ ಜಾಸ್ತಿ ಬೇಡ. ಆ ವಿವರಣೆ ಬರೆದವರು ಆ ಧರ್ಮವನ್ನು ಒಪ್ಪಿಸಲೋ ಹಳಿಯಲೋ ಹೊರಟವರಾದರೆ ಬಿಟ್ಟುಬಿಡಿ.

ಮುಗಿದ ಮೇಲೆ ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು ಫಲ, ಓದು, ಪ್ರಶ್ನೆ ಅಂತ ಬರೆಯಿರಿ. ಪ್ರಶ್ನೆಯಿಲ್ಲದ ಫಲ ಬರೀ ಅಲಂಕಾರ. ಓದದೇ ಗೈಡ್ ನೋಡಿ ಉತ್ತರಿಸಬಹುದಾದರೆ ಪ್ರಶ್ನೆಯೇ ಕೆಟ್ಟದ್ದು. ಕೊನೆಯ ಯೂನಿಟ್ಟಿಗೆ ನಾನು ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ ಇಟ್ಟಿದ್ದೇನೆ, ಜೈನರಿಗೂ ಶ್ರೀವೈಷ್ಣವರಿಗೂ ಅವನು ರಾಜಿ ಮಾಡಿಸಿದ್ದು. ಮೊದಲು "ಈ ಶಾಸನದ ಮಹತ್ವ ತಿಳಿಸಿ" ಅಂತ ಕೇಳಿದ್ದೆ, ಎಲ್ಲರೂ ಧರ್ಮಸಾಮರಸ್ಯದ ಮೇಲೆ ಪ್ರಬಂಧ ಬರೆದರು. ಈಗ ಕೇಳೋದು ಇಷ್ಟೇ: ಬಸದಿಯ ಕಾವಲಿಗೆ ದುಡ್ಡು ಯಾರು ಕೊಡಬೇಕು, ಕಾಯುವ ಏರ್ಪಾಡು ಯಾರ ಕೈಲಿ, ಅದರಿಂದ ಏನು ಗೊತ್ತಾಗುತ್ತದೆ?