ಮೊದಲ ವರ್ಷ ಕಡಿಮೆ ಬಡ್ಡಿ: ಗೃಹಸಾಲದ ಪೂರ್ತಿ ಲೆಕ್ಕ ಹಾಕುವುದು ಹೀಗೆ

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಲು 20 ಲಕ್ಷ ರೂಪಾಯಿ ಸಾಲ ಬೇಕು ಅಂದುಕೊಳ್ಳಿ. ಅವಧಿ 20 ವರ್ಷ. ಒಂದು ಕಡೆ ಮೊದಲಿಂದ ಕೊನೆವರೆಗೂ ಶೇ 9 ಬಡ್ಡಿ. ಇನ್ನೊಂದು ಕಡೆ ಮೊದಲ ವರ್ಷ ಶೇ 7.5, ಆಮೇಲೆ ಶೇ 9.5. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು 7.5 ಮಾತ್ರ. ಎರಡನ್ನೂ ಕಾಗದದ ಮೇಲೆ ಹಾಕಿ ನೋಡೋಣ.

ಮೊದಲು ಆರಂಭದ ಕಂತು ನೋಡಿ. ಶೇ 9ಕ್ಕೆ ತಿಂಗಳಿಗೆ 17,995 ರೂಪಾಯಿ, ಶೇ 7.5ಕ್ಕೆ 16,112. ಮೊದಲ ವರ್ಷ ಸುಮಾರು 22,600 ರೂಪಾಯಿ ಉಳಿಯುತ್ತದೆ. ಇದು ನಿಜವಾದ ಉಳಿತಾಯವೇ.

ಆಮೇಲೆ ವರ್ಷದ ಕೊನೆಗೆ ಬಾಕಿ ಎಷ್ಟು ಅಂತ ಕೇಳಿ. ಶೇ 7.5ರಿಂದ ಶುರುವಾದ ಸಾಲದಲ್ಲಿ 19,55,136 ರೂಪಾಯಿ. ಹೊಸ ಬಡ್ಡಿ ಬೀಳುವುದು ಈ ಮೊತ್ತದ ಮೇಲೆ, ಉಳಿದ 228 ತಿಂಗಳಿಗೆ. ಮೊಬೈಲ್‌ನ ಎಕ್ಸೆಲ್‌ನಲ್ಲಿ ಹೀಗೆ ಬರೆಯಿರಿ:

```
=PMT(9.5%/12,228,-1955136)
```

ಉತ್ತರ 18,551. ಕಂತು ಒಮ್ಮೆಲೇ 2,439 ರೂಪಾಯಿ ಏರಿತು. ಈಗ ಎಲ್ಲ ಕಂತು ಕೂಡಿಸಿ. ಒಂದೇ ಬಡ್ಡಿಯ ಸಾಲಕ್ಕೆ ಒಟ್ಟು ಸುಮಾರು 43.19 ಲಕ್ಷ, ಇದಕ್ಕೆ 44.23 ಲಕ್ಷ. ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿಯೇ ಹೋಯಿತು.

ನಿಜವಾದ ಅಪಾಯ ಬೇರೆ ಇದೆ. ಬಡ್ಡಿ ಏರಿದಾಗ ಕೆಲವರು ಕಂತನ್ನು ಹಾಗೇ ಇಟ್ಟು ಅವಧಿ ಹೆಚ್ಚಿಸಿ ಅನ್ನುತ್ತಾರೆ. ಶೇ 9.5ರಲ್ಲಿ ಈ ಬಾಕಿಗೆ ತಿಂಗಳ ಬಡ್ಡಿಯೇ 15,478 ರೂಪಾಯಿ. 16,112ರ ಕಂತಿನಲ್ಲಿ ಅಸಲಿಗೆ ಸೇರುವುದು ಬರೀ 634! ಹಾಗೇ ಬಿಟ್ಟರೆ ಸಾಲ ತೀರಲು ಇನ್ನೂ 34 ವರ್ಷ ಬೇಕು. ನೌಕರಿ ಮುಗಿದ ಮೇಲೂ ಕಂತು ಕಟ್ಟುತ್ತಾ ಕೂರಬೇಕು, ಅಲ್ವಾ? ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ ಅಂತ ಆರಿಸುವ ಅವಕಾಶವನ್ನು ಬ್ಯಾಂಕ್ ಸಾಲಗಾರನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಕೈಲಾದಷ್ಟು ಮಟ್ಟಿಗೆ ಕಂತು ಏರಿಸುವುದನ್ನೇ ಆರಿಸಿಕೊಳ್ಳಿ.

ಸಹಿ ಹಾಕುವ ಮುನ್ನ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಶುಲ್ಕವೂ ಸೇರಿದ ವಾರ್ಷಿಕ ದರ ಮತ್ತು ಕಂತುಗಳ ಪಟ್ಟಿ ಇರುತ್ತದೆ. 13ನೇ ಕಂತಿನ ಸಾಲಿಗೆ ಬೆರಳಿಟ್ಟು ಮೊತ್ತ ನೋಡಿ. ಎರಡನೇ ವರ್ಷದ ದರ ಯಾವುದಕ್ಕೆ ಜೋಡಿಸಿದ್ದು, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರಕ್ಕೋ ಬೇರೆಯದಕ್ಕೋ ಎಂದೂ ಕೇಳಿ. ರೆಪೊ ಏರಿದರೆ 9.5 ಅಲ್ಲಿಗೇ ನಿಲ್ಲುವುದಿಲ್ಲ.

ಹಾಗಂತ ಈ ಸಾಲ ಎಲ್ಲರಿಗೂ ನಷ್ಟವಲ್ಲ. ನಮ್ಮ ಉದಾಹರಣೆಯಲ್ಲಿ ಕಟ್ಟಿದ ಒಟ್ಟು ಬಡ್ಡಿಯ ಲೆಕ್ಕದಲ್ಲಿ ಎರಡೂ ಸಾಲ ಸರಿಸಮವಾಗುವುದು ಸುಮಾರು ನಾಲ್ಕೂಕಾಲು ವರ್ಷಕ್ಕೆ. ಊರಿನ ಹೊಲ ಮಾರಿದ ದುಡ್ಡು ಬಂದು ಮೂರೇ ವರ್ಷದಲ್ಲಿ ಸಾಲ ತೀರಿಸುವುದು ಖಚಿತವಿದ್ದರೆ ಕಡಿಮೆ ದರದ್ದೇ ಲಾಭ. ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆಯೇ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ.